ಮೈದಾ ಎಲ್ಲಿ ಹೋಯಿತು, ಪುಟ್ಟಿ?

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ದೊಡ್ಡಮ್ಮ, ತಿಂಗಳಿಗೆ 60 ಕೇಕ್ ಹೋಗ್ತದೆ, ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ" ಅಂದೆಯಲ್ಲ. ಕುಂಜಿಬೆಟ್ಟಿನಲ್ಲಿ ನಾನು ಎಂಟು ವರ್ಷ ನಾನ್‌ಖಟಾಯಿ, ಕೇಕು ಮಾಡಿ ಮಾರಿದವಳು. ನಿನ್ನ ಲೆಕ್ಕ ಎಲ್ಲಿ ಸೋರುತ್ತಿದೆ ಅಂತ ನಿನ್ನ ಬಿಲ್ಲುಗಳನ್ನು ನೋಡಿದರೆ ಗೊತ್ತಾಗುತ್ತದೆ. ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನೀನು ಕೇಕಿಗೆ ಎಷ್ಟು ಖರ್ಚು ಅಂತ ನೋಡುವುದು ಪ್ಯಾಕೆಟಿನ ಲೆಕ್ಕದಲ್ಲಿ. ಒಂದು ಕಿಲೋ ಮೈದಾ ತಂದೆ, ಅರ್ಧ ಕಿಲೋ ಬೆಣ್ಣೆ ತಂದೆ, ಒಟ್ಟು ಇಷ್ಟು ಕೊಟ್ಟೆ, ಅದರಲ್ಲಿ ಇಷ್ಟು ಕೇಕ್ ಆಯಿತು ಅಂತ. ಅದು ಅಂದಾಜು, ಲೆಕ್ಕ ಅಲ್ಲ. ಲೆಕ್ಕ ಗ್ರಾಮಿನಲ್ಲಿ ಆಗಬೇಕು. ನಿನ್ನ ಅರ್ಧ ಕಿಲೋ ವೆನಿಲ್ಲಾ ಬಟರ್ ಕೇಕನ್ನೇ ತೆಗೆದುಕೋ, ಜಾಸ್ತಿ ಹೋಗುವುದು ಅದೇ ಅಲ್ವಾ. ಮೈದಾ 150 ಗ್ರಾಂ, ಸಕ್ಕರೆ 150, ಬೆಣ್ಣೆ 120, ಮೊಟ್ಟೆ ಮೂರು, ಹಾಲು 60 ಮಿಲಿ, ಸ್ವಲ್ಪ ಬೇಕಿಂಗ್ ಪೌಡರ್, ಸ್ವಲ್ಪ ಎಸೆನ್ಸ್. ನೀನು ಕಳಿಸಿದ ಬಿಲ್ಲಿನ ರೇಟಿನಲ್ಲೇ ಹಾಕಿದೆ. ಮೈದಾ ಕಿಲೋಗೆ 50 ಅಂದರೆ 150 ಗ್ರಾಮಿಗೆ ಏಳೂವರೆ ರೂಪಾಯಿ. ಸಕ್ಕರೆ ಕಿಲೋಗೆ 46, ಅಂದರೆ ಸುಮಾರು 7. ಬೆಣ್ಣೆ ಅರ್ಧ ಕಿಲೋಗೆ 300, ಅಂದರೆ 120 ಗ್ರಾಮಿಗೆ 72. ಮೊಟ್ಟೆ ಮೂರಕ್ಕೆ 21, ಹಾಲಿಗೆ 3, ಪೌಡರ್ ಮತ್ತು ಎಸೆನ್ಸ್ ಸೇರಿ ಎಂಟೂವರೆ. ಒಟ್ಟು 119 ರೂಪಾಯಿ.

ಈ ಅಂಕಿಯನ್ನು ಸ್ವಲ್ಪ ಹೊತ್ತು ನೋಡು. ನೀನು ಬಂದರಿನ ಸಗಟು ಅಂಗಡಿಗಳಿಗೆ ಹೋಗಿ, ಬಿಸಿಲಲ್ಲಿ ಚೌಕಾಸಿ ಮಾಡಿ, ಮೈದಾದಲ್ಲಿ ಕಿಲೋಗೆ 4 ರೂಪಾಯಿ ಉಳಿಸುತ್ತೀ. ಒಂದು ಕೇಕಿಗೆ ಉಳಿಯುವುದು 60 ಪೈಸೆ. ಅದೇ ಬೆಣ್ಣೆಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಿ ಹಾಕುವಾಗ 10 ಗ್ರಾಂ ಜಾಸ್ತಿ ಬಿದ್ದರೆ 6 ರೂಪಾಯಿ ಹೋಯಿತು. ತಕ್ಕಡಿ ಬೇಕಾದದ್ದು ಮೊದಲು ಬೆಣ್ಣೆಗೆ. ಮೈದಾಕ್ಕೂ ಕಪ್ಪು, ಕುಡ್ತೆ ಬೇಡ. ಸಡಿಲವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ಇದ್ದರೆ, ಒತ್ತಿ ತುಂಬಿದ್ದು 150 ದಾಟುತ್ತದೆ. ಒಂದು ದಿನ ಕೇಕ್ ಮೆತ್ತಗೆ, ಇನ್ನೊಂದು ದಿನ ಒಣ ಒಣ ಅಂತ ಹೇಳುತ್ತೀಯಲ್ಲ, ಅದಕ್ಕೂ ಕಾರಣ ಇದೇ ಇರಬಹುದು.

ಇನ್ನು ಪ್ಯಾಕಿಂಗ್. ಇದನ್ನು ನೀನು ಲೆಕ್ಕಕ್ಕೇ ಹಿಡಿದಿಲ್ಲ. ಬಾಕ್ಸ್ 18, ಕೆಳಗಿನ ರಟ್ಟು 6, ಬಟರ್ ಪೇಪರ್ 3, ಸ್ಟಿಕ್ಕರ್ 2, ಕೈಚೀಲ 5, ಟೇಪು ರಿಬ್ಬನ್ನಿಗೆ 1. ಕೂಡಿಸಿದರೆ 35 ರೂಪಾಯಿ. ಮೈದಾ ಸಕ್ಕರೆ ಎರಡೂ ಸೇರಿದ್ದಕ್ಕಿಂತ ಎರಡು ಪಟ್ಟು ಜಾಸ್ತಿ! ಬಾಕ್ಸ್ ತಿನ್ನುವ ವಸ್ತು ಅಲ್ಲ ಅಂತ ನಾವು ಅದನ್ನು ಖರ್ಚು ಅಂತಲೇ ನೋಡುವುದಿಲ್ಲ, ನಾನೂ ಮೊದಲ ಎರಡು ವರ್ಷ ನೋಡಿರಲಿಲ್ಲ.

ಕರೆಂಟಿನದ್ದು ತಿಳಿಯಬೇಕಾದರೆ ಯಾರನ್ನೂ ಕೇಳಬೇಡ. ಓವನ್ ಹಾಕುವ ಮೊದಲು ಮೀಟರ್ ನೋಡಿ ಬರೆ, ಆರಿಸಿದ ಮೇಲೆ ಮತ್ತೆ ನೋಡು, ಆ ಹೊತ್ತಿನಲ್ಲಿ ಮಿಕ್ಸಿ, ಗೀಸರ್, ಪಂಪು ಹಾಕದಿದ್ದರೆ ಆಯಿತು. ನಿನ್ನ ಓವನ್ನಿಗೆ ಬಿಸಿಯಾಗುವುದೂ ಸೇರಿ ಒಂದು ಸಲಕ್ಕೆ ಒಂದೂಕಾಲು ಯೂನಿಟ್ ಅಂತ ಇಟ್ಟುಕೊಳ್ಳೋಣ, ಅಂದಾಜು 10 ರೂಪಾಯಿ. ಒಂದೊಂದೇ ಕೇಕ್ ಬೇಯಿಸಿದರೆ 60ಕ್ಕೆ 75 ಯೂನಿಟ್. ನಿಮ್ಮ ಮನೆಗೆ ಈಗ ಗೃಹಜ್ಯೋತಿಯಲ್ಲಿ ಬಿಲ್ ಬರುವುದಿಲ್ಲ, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಅದಕ್ಕೆ ಎರಡು ಟಿನ್ ಒಟ್ಟಿಗೆ ಇಡುವ ಹಾಗೆ ಆರ್ಡರ್ ಹೊಂದಿಸಿಕೋ.

ಈಗ 119, 35, 10 ಸೇರಿದರೆ 164. ನೀನು ಮಾರುವುದು 250ಕ್ಕೆ. 86 ರೂಪಾಯಿ ಉಳಿಯಿತು ಅಂತ ಅನಿಸುತ್ತದೆ. ಅದರಲ್ಲಿ ಕಂಕನಾಡಿಗೋ ಸುರತ್ಕಲ್ಲಿಗೋ ಆಟೋದಲ್ಲಿ ನೀನೇ ಕಳಿಸಿದ್ದು ಎಷ್ಟು ಸಲ? ಆ ದಿನ ಉಳಿದದ್ದು ಎಷ್ಟು?

ಇನ್ನೊಂದು ಸೋರಿಕೆ ಇದೆ. ನೀನು ಹಾಕುವ ಸಾಮಾನು ಎಲ್ಲ ಕೂಡಿಸಿದರೆ, ಮೂರು ಮೊಟ್ಟೆಗೆ 150 ಗ್ರಾಂ ಹಿಡಿದು, ಹಿಟ್ಟು 630 ಗ್ರಾಂ ಆಗುತ್ತದೆ. ಬೇಯುವಾಗ ನೀರಿನ ಅಂಶ ಹೋಗಿ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಅಂದರೆ ಕೇಕ್ 565 ಗ್ರಾಂ ಆಸುಪಾಸು. ನೀನು ಅರ್ಧ ಕಿಲೋ ಅಂತ ಹಣ ತೆಗೆದುಕೊಂಡು 65 ಗ್ರಾಂ ಸುಮ್ನೆ ಕೊಡುತ್ತಿದ್ದೀ. ಕಡಿಮೆ ತೂಗುವುದು ತಪ್ಪು, ಅದು ನಮ್ಮ ಮನೆಯವರು ಮಾಡುವ ಕೆಲಸ ಅಲ್ಲ. ಆದರೆ ಇಷ್ಟು ಜಾಸ್ತಿ ಕೊಡಬೇಕಾಗಿಯೂ ಇಲ್ಲ. ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡು: ಮೈದಾ 135, ಸಕ್ಕರೆ 135, ಬೆಣ್ಣೆ 108, ಹಾಲು 54. ಮೊಟ್ಟೆಯನ್ನು ಒಡೆದು ಕಲಕಿ 135 ಗ್ರಾಂ ತೂಗಿ ಹಾಕು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಆ ದಿನವೇ ಇನ್ನೊಂದು ಕೇಕಿಗೆ ಬಳಸು. ಕೇಕ್ 510 ಗ್ರಾಂ ಬರುತ್ತದೆ, ಖರ್ಚು 12 ರೂಪಾಯಿ ಇಳಿಯುತ್ತದೆ. ತಿಂಗಳಿಗೆ 700 ರೂಪಾಯಿ ದಾಟಿತು ನೋಡು. ಬೆಂದು ತಣಿದ ಮೇಲೆ ಮೂರು ಕೇಕ್ ತೂಗಿ ನೋಡಿ ಆಮೇಲೆ ಈ ಅಳತೆ ಗಟ್ಟಿ ಮಾಡಿಕೋ, ನಿನ್ನ ಟಿನ್ ಅಗಲ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಒಣಗಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು 1ನೇ ತಾರೀಕಿಗೆ ನಾನು ಬಂದಿದ್ದಾಗ ಡಬ್ಬಿಗಳನ್ನೆಲ್ಲ ತೂಗಿ ಬರೆದಿಟ್ಟೆವಲ್ಲ, ನೀನು "ಇದೆಲ್ಲ ಎಂತಕ್ಕೆ ದೊಡ್ಡಮ್ಮ" ಅಂದಿದ್ದೆ. ಮೊನ್ನೆ ತಿಂಗಳ ಕೊನೆಗೆ ನೀನು ಮತ್ತೆ ತೂಗಿ ಫೋಟೋ ಕಳಿಸಿದ್ದು ತುಂಬ ಒಳ್ಳೆಯದಾಯಿತು. ಲೆಕ್ಕ ಇಷ್ಟೇ: ಮೊದಲು ಇದ್ದದ್ದು, ಅದಕ್ಕೆ ತಂದದ್ದು ಕೂಡಿಸು, ಈಗ ಉಳಿದದ್ದು ಕಳೆ. ಬಂದದ್ದು ನಿಜವಾಗಿ ಖರ್ಚಾದದ್ದು. ಅದನ್ನು ಮಾರಿದ ಕೇಕಿನ ಲೆಕ್ಕದ ಪಕ್ಕ ಇಡು.

ಮೈದಾ ಇದ್ದದ್ದು 2.8 ಕಿಲೋ, ತಂದದ್ದು 10, ಉಳಿದದ್ದು 1.9. ಖರ್ಚು 10.9 ಕಿಲೋ. ನಿನ್ನ ಪುಸ್ತಕದಲ್ಲಿ 60 ಕೇಕ್, 150 ಗ್ರಾಮಿನಂತೆ 9 ಕಿಲೋ ಆಗಬೇಕಿತ್ತು. 1.9 ಕಿಲೋ ಎಲ್ಲಿ ಹೋಯಿತು? ಮೊದಲು ನನಗೆ ಅನಿಸಿದ್ದು, ಕೇಕ್ ಹಾಳಾಗಿರಬೇಕು, ನೀನು ಹೇಳಲು ಸಂಕೋಚಪಟ್ಟಿದ್ದೀ ಅಂತ. ಆದರೆ ಸಕ್ಕರೆ ನೋಡಿದೆ. ಇದ್ದದ್ದು 1.5, ತಂದದ್ದು 10, ಉಳಿದದ್ದು 2. ಖರ್ಚು 9.5 ಕಿಲೋ. ಸಕ್ಕರೆಯಲ್ಲಿ ಜಾಸ್ತಿ ಹೋದದ್ದು ಅರ್ಧ ಕಿಲೋ ಮಾತ್ರ. ಕೇಕ್ ಹಾಳಾಗಿದ್ದರೆ ಮೈದಾದ ಜೊತೆ ಅಷ್ಟೇ ಸಕ್ಕರೆಯೂ ಹೋಗಬೇಕು ಅಲ್ವಾ? ಹೋಗಿಲ್ಲ.

ಆಮೇಲೆ ಬಾಕ್ಸ್ ಎಣಿಸಿದ್ದು ನೋಡಿದೆ. ಇದ್ದದ್ದು 15, ತಂದದ್ದು 60, ಉಳಿದದ್ದು 8. ಹೋದದ್ದು 67, ಮಾರಿದ ಕೇಕ್ 60. ನಾಲ್ಕು ಬಾಕ್ಸ್ ಅಟ್ಟದ ಗೋಡೆಯ ಪಸೆಗೆ ಮೆತ್ತಗಾಗಿ ಬಿಸಾಡಿದೆ ಅಂತ ನೀನೇ ಹೇಳಿದ್ದೀ. ಉಳಿದ ಮೂರು? ಮೂರು ಕೇಕಿಗೆ ಸಕ್ಕರೆ 450 ಗ್ರಾಂ. ಸಕ್ಕರೆಯಲ್ಲಿ ಜಾಸ್ತಿ ಹೋದ ಅರ್ಧ ಕಿಲೋಗೆ ಇದು ಸರಿಯಾಗಿ ಕೂಡಿ ಬರುತ್ತದೆ. ಅಂದರೆ ಮೂರು ಕೇಕನ್ನು ನೀನು ಯಾರಿಗೋ ಸುಮ್ನೆ ಕೊಟ್ಟು ಬರೆದಿಲ್ಲ. ಕೊಡಬಾರದು ಅಂತ ನಾನು ಹೇಳುವುದಿಲ್ಲ, ಪಕ್ಕದ ಮನೆಯವರಿಗೆ, ಅಂಗಡಿಗೆ ಸ್ಯಾಂಪಲ್ ಅಂತ ಕೊಡಲೇಬೇಕಾಗುತ್ತದೆ. ಕೊಟ್ಟದ್ದನ್ನೂ ಪುಸ್ತಕದಲ್ಲಿ "ಕೊಟ್ಟದ್ದು" ಅಂತ ಬರೆ. ಇಲ್ಲದಿದ್ದರೆ ಆ ಬಾಕ್ಸ್ ಸಾಲಕ್ಕೆ ಹೋಯಿತಾ, ಹಣ ಬರಬೇಕಾ ಅಂತ ಆಮೇಲೆ ನಿನಗೇ ನೆನಪಿರುವುದಿಲ್ಲ.

ಈಗ ಮೈದಾ. ಆ ಮೂರು ಕೇಕಿನ 450 ಗ್ರಾಂ ಕಳೆದರೂ ಸುಮಾರು ಒಂದೂವರೆ ಕಿಲೋ ಉಳಿಯಿತು. ಸಕ್ಕರೆ ಇಲ್ಲದೆ ಮೈದಾ ಮಾತ್ರ ಹೋಗುವುದು ಯಾವಾಗ? ಟಿನ್ನಿಗೆ ಉದುರಿಸುವುದಕ್ಕೆ ಸ್ವಲ್ಪ ಬೇಕು, ಒಂದು ಟಿನ್ನಿಗೆ ಒಂದು ಚಮಚೆಯೂ ಹಿಡಿಯುವುದಿಲ್ಲ, 60ಕ್ಕೆ ಅರ್ಧ ಕಿಲೋ ಒಳಗೆ. ಉಳಿದದ್ದು ನನ್ನ ಅಂದಾಜಿನಲ್ಲಿ ಗೋಳಿಬಜೆಗೆ ಹೋಗಿದೆ. ಮಳೆಗಾಲ, ಸಂಜೆ ಹೊತ್ತು, ಮನೆಯಲ್ಲಿ ಎಲ್ಲರೂ ಇರುವಾಗ ಅಮ್ಮ ಹತ್ತಿರದಲ್ಲಿದ್ದ ಡಬ್ಬಿಯಿಂದ ತೆಗೆಯುತ್ತಾಳೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವ್ಯಾಪಾರದ ಮೈದಾ, ಸಕ್ಕರೆ, ಬೆಣ್ಣೆಗೆ ಬೇರೆ ಡಬ್ಬಿ, ಬೇರೆ ಕಪಾಟು ಮಾಡು. ಮನೆಗೆ ತೆಗೆದರೆ ತೂಗಿ ಬರೆ. ಬೆಣ್ಣೆಯನ್ನೂ ಇದೇ ಥರ ತಿಂಗಳ ಕೊನೆಗೆ ತೂಗು, ನಾವು ಈ ಸಲ ಅದನ್ನು ಬಿಟ್ಟೆವು, ಅದು ತಪ್ಪಾಯಿತು.

ಅಗ್ಗ ಅಂತ ಮೂಟೆ ತರುವ ಆಸೆ ಬಂದರೆ ನನ್ನ ಕಥೆ ನೆನಪು ಮಾಡಿಕೋ. ಒಂದು ವರ್ಷ ಮೇ ಕೊನೆಗೆ 50 ಕಿಲೋ ಮೈದಾ ಮೂಟೆ ತಂದೆ, ಕಿಲೋಗೆ 8 ರೂಪಾಯಿ ಕಡಿಮೆ ಸಿಕ್ಕಿತು, 400 ಉಳಿಯಿತು ಅಂತ ಖುಷಿ. ಜುಲೈಯಲ್ಲಿ ಮೂಟೆ ಬಿಚ್ಚಿದರೆ ಅಂಚಿನಲ್ಲಿ ಜೇಡರ ಬಲೆಯ ಹಾಗೆ ನೂಲು, ಜರಡಿ ಹಿಡಿದರೆ ಹುಳ, ಮುಗ್ಗಲು ವಾಸನೆ. 14 ಕಿಲೋ ಬಿಸಾಡಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೂರು ವಾರಕ್ಕೆ ಬೇಕಾಗುವಷ್ಟೇ ತರಬೇಕು, ಹೊಸತನ್ನು ಹಳೆಯದರ ಮೇಲೆ ಸುರಿಯಬಾರದು, ಡಬ್ಬಿಯ ಮೇಲೆ ತಂದ ತಾರೀಕು ಬರೆದಿಡಬೇಕು. ಬಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡು.

ಬೆಲೆಯ ವಿಷಯ ಹೇಳಿಬಿಡುತ್ತೇನೆ. ಹೊಸ ಅಳತೆಯಲ್ಲಿ ಸಾಮಾನು, ಪ್ಯಾಕಿಂಗ್, ಕರೆಂಟು ಸೇರಿ 152. ಹಾಳಾಗುವುದಕ್ಕೆ, ಸುಮ್ನೆ ಕೊಡುವುದಕ್ಕೆ 10. ನಿನ್ನ ಒಂದು ಗಂಟೆಗೆ 100 ಹಾಕು, ನಾಚಿಕೆಪಡಬೇಡ, ಆಳು ಇಟ್ಟರೆ ಕೊಡುತ್ತಿರಲಿಲ್ಲವಾ? ಓವನ್, ಬೀಟರ್ ರಿಪೇರಿಗೆ ಅಂತ 18 ಬದಿಗಿಡು. 280 ಆಯಿತು. ತಲುಪಿಸುವ ಆಟೋ ಹಣ ಬೇರೆ, ಅದನ್ನು ಆರ್ಡರ್ ಹಿಡಿಯುವಾಗಲೇ ಹೇಳು. ಹಳೆಯ ಗಿರಾಕಿಗಳಿಗೆ ಮುಂದಿನ ತಿಂಗಳಿಂದ ಅಂತ ಈಗಲೇ ತಿಳಿಸಿದರೆ ಯಾರಿಗೂ ಬೇಜಾರಾಗುವುದಿಲ್ಲ. ಬೆಣ್ಣೆ, ಮೊಟ್ಟೆಯ ರೇಟು ಬದಲಾದ ದಿನ ಲೆಕ್ಕ ಮತ್ತೆ ಹಾಕು, ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಮುಂದಿನ ಭಾನುವಾರ ನಾನು ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ನನ್ನ ಹಳೆಯ ತಕ್ಕಡಿ, ಒಂದು ಗ್ರಾಂ ಕೂಡ ತೋರಿಸುವಂಥದ್ದು, ನಿನಗೇ ತರುತ್ತಿದ್ದೇನೆ. ಬೆಣ್ಣೆ ಫ್ರಿಜ್ಜಿನಲ್ಲಿ ಎಷ್ಟಿದೆ ಅಂತ ಅಷ್ಟರಲ್ಲಿ ತೂಗಿ ಬರೆದಿಡು, ಅಮ್ಮನಿಗೂ ಎರಡು ಡಬ್ಬಿಯ ವಿಷಯ ಹೇಳಿಡು.

ನಿನ್ನ,
ದೊಡ್ಡಮ್ಮ