ಬಾಗಿಲು ಬಡಿಯುವ ಮೊದಲು

ಪ್ರೀತಿಯ ತಂಗೀ,

ಆಡಿಯೋ ಕತೆಗೆಂದು ನೀನು ಬರೆದು ಕಳಿಸಿದ ಅಜ್ಜಿಯ ಸ್ಕ್ರಿಪ್ಟ್ ಓದಿದೆ. ನಿರೂಪಣೆಯಲ್ಲಿ ಕೈಯಾಡಿಸುವಂಥದ್ದೇನೂ ಇಲ್ಲ. ತೊಡಕಿರುವುದು ಸದ್ದು, ಸಂಗೀತ ಎಲ್ಲಿ ಬರಬೇಕೆಂದು ಆಮೇಲೆ ಕೆಂಪು ಶಾಯಿಯಲ್ಲಿ ಸೇರಿಸಿದ ಕ್ಯೂಗಳಲ್ಲಿ. ಎರಡು ಪುಟಕ್ಕೆ 17 ಇವೆ! ಒಂದು ಜಾಗ ಮಾತ್ರ ನೋಡೋಣ.

"ರಾತ್ರಿ ಹನ್ನೊಂದು. ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಯಾರೋ ಬಾಗಿಲು ಬಡಿದರು. ಅಜ್ಜಿ ಲಾಟೀನು ಹಿಡಿದು ಹೋಗಿ ಬಾಗಿಲು ತೆಗೆದಳು. ಯಾರೂ ಇರಲಿಲ್ಲ."

ಪಕ್ಕದಲ್ಲಿ "ಮಳೆ, ಬಾಗಿಲ ಸದ್ದು, ಭಯದ ಮ್ಯೂಸಿಕ್" ಎಂದು ಗೀಚಿದ್ದೀಯ. ಯಾವ ಪದ ಮುಗಿದ ಮೇಲೆ ಎಂದು ಎಡಿಟರ್‌ಗೆ ಹೇಗೆ ಗೊತ್ತಾಗಬೇಕು?

ಮಳೆ ಮೊದಲ ಮಾತಿಗಿಂತ ನಾಲ್ಕು ಸೆಕೆಂಡ್ ಮುಂಚೆ ಪೂರ್ತಿ ಕೇಳಲಿ, ಮಾತು ಶುರುವಾದೊಡನೆ ತಗ್ಗಲಿ. ಬರೀ ಸದ್ದಾದರೆ ಮಳೆಯೋ ಬಾಣಲೆಯಲ್ಲಿ ಬೇಯುವ ಬಜ್ಜಿಯೋ ತಿಳಿಯುವುದಿಲ್ಲ. ನಿನ್ನ ಎರಡನೇ ವಾಕ್ಯದಲ್ಲೇ ಹಂಚು, ಮಳೆ ಎರಡೂ ಬರುವುದರಿಂದ ಆ ಚಿಂತೆಯಿಲ್ಲ.

ಬಾಗಿಲ ಸದ್ದನ್ನು "ಬಡಿದರು" ಆದಮೇಲೆ ಇಟ್ಟಿದ್ದೀಯ. ಕೇಳುಗನಿಗೆ ಸುದ್ದಿ ಮೊದಲು ಸಿಕ್ಕಿತು, ಸದ್ದು ಸಾಕ್ಷಿ ಹೇಳಲು ಬಂದಂತಾಯಿತು. "ಸುರಿಯುತ್ತಿತ್ತು" ಮುಗಿದೊಡನೆ ಮೂರು ಬಡಿತ ಹಾಕು, ಆಮೇಲೆ ಒಂದೆರಡು ಸೆಕೆಂಡ್ ಬರೀ ಮಳೆ, ಅನಂತರ ಅಜ್ಜಿ. ಆಗ "ಯಾರೋ ಬಾಗಿಲು ಬಡಿದರು" ಬೇಕೇ ಇಲ್ಲ, ಹೊಡೆದುಹಾಕು. ಕೈಯಾಡಿಸುವಂಥದ್ದಿಲ್ಲ ಅಂದೆನಲ್ಲ, ಈ ಒಂದು ವಾಕ್ಯ ಬಿಟ್ಟು. ಓದುವವರಿಗಾಗಿ ಬಿಡುವನ್ನೂ ಸ್ಕ್ರಿಪ್ಟಿನಲ್ಲೇ ಗುರುತು ಮಾಡು. ಇಲ್ಲದಿದ್ದರೆ ಅವರು ಒಂದೇ ಉಸಿರಿಗೆ ಓದಿಬಿಡುತ್ತಾರೆ, ಬಡಿತ ಮಾತಿನ ಮೇಲೆಯೇ ಬೀಳುತ್ತದೆ.

ಬಾಗಿಲು ತೆಗೆಯುವುದಕ್ಕೆ ಕಿರ್ರೆನ್ನುವ ಸದ್ದು ಹುಡುಕಬೇಡ. ಒಳಗೆ ಕೂತವರಿಗೆ ಮಳೆ ಮಂದವಾಗಿ ಕೇಳುತ್ತಿರುತ್ತದೆ, ಬಾಗಿಲು ತೆಗೆದರೆ ಒಮ್ಮೆಲೇ ಜೋರಾಗಿ, ಸೂರಿನ ನೀರು ಅಂಗಳಕ್ಕೆ ಬೀಳುವ ಸದ್ದಿನೊಂದಿಗೆ ನುಗ್ಗುತ್ತದೆ. ಹಾಗಾಗಿ ಎರಡು ಬೇರೆ ಮಳೆ ಬೇಕು, ಒಂದನ್ನೇ ಏರಿಸಿದರೆ ಸಾಲದು. ಹೀಗೆ ಬರೆ:

(ಒಳಗಿನ ಮಳೆ, ತಗ್ಗಿ)
ನಿರೂಪಕಿ: ಅಜ್ಜಿ ಲಾಟೀನು ಹಿಡಿದು ಹೋಗಿ ಬಾಗಿಲು ತೆಗೆದಳು.
("ತೆಗೆದಳು" ಮುಗಿದೊಡನೆ ಹೊರಗಿನ ಮಳೆ, ಜೋರಾಗಿ, 3 ಸೆಕೆಂಡ್, ತಗ್ಗಲಿ)
ನಿರೂಪಕಿ: ಯಾರೂ ಇರಲಿಲ್ಲ.

ಇಲ್ಲಿ ಭಯದ ಮ್ಯೂಸಿಕ್ ಬಂದರೆ ಹೆದರು ಎಂದು ಕೇಳುಗನಿಗೆ ಅಪ್ಪಣೆ ಕೊಟ್ಟಂತೆ. ಖಾಲಿ ಅಂಗಳದ ಮಳೆ ಸಾಕು. ಸಂಗೀತವನ್ನು ಮುಂದೆ ಅಜ್ಜಿ ಮೆಟ್ಟಿಲ ಮೇಲಿನ ಒದ್ದೆ ಹೆಜ್ಜೆ ನೋಡಿದ ವಾಕ್ಯ ಮುಗಿದ ಮೇಲೆ ಶುರುಮಾಡು, ಮರುದಿನ ಬೆಳಗಿನ ಮಾತಿಗೆ ಮೊದಲು ಕರಗಿಸು. ಕೊಳಲು, ಪಿಟೀಲು ಮಾತಿನಡಿ ಬೇಡ, ನಿರೂಪಕಿಯ ದನಿಯೊಂದಿಗೆ ಜಗಳಕ್ಕೆ ನಿಲ್ಲುತ್ತವೆ. ತಂಬೂರಿಯಂಥದ್ದು ತಾಳಿಕೊಳ್ಳುತ್ತದೆ.

ಒಮ್ಮೆ ನಾನು ಜಡಿಮಳೆಯ ದೃಶ್ಯಕ್ಕೆ ಜೀರುಂಡೆ ಹಾಕಿದ್ದೆ. "ಸ್ವಾಮೀ, ಅಂಥಾ ಮಳೆಯಲ್ಲಿ ಕೂಗುವ ಜೀರುಂಡೆ ನಿಮ್ಮೂರಲ್ಲಿ ಎಲ್ಲಿ ಸಿಕ್ಕಿತು?" ಎಂದು ಮಲೆನಾಡಿನ ಕೇಳುಗರೊಬ್ಬರು ಕಾರ್ಡು ಹಾಕಿದರು. ನಿನ್ನ ಎರಡನೇ ಪುಟದಲ್ಲೂ ಒಂದು ಜೀರುಂಡೆ ಕಂಡೆ. ಮಳೆ ನಿಲ್ಲುವ ಪ್ಯಾರಾಕ್ಕೆ ಸರಿಸಿಬಿಡು.

ಇಂತು,
ನಿನ್ನ ಅಣ್ಣ