ದೂರು: ರಾತ್ರಿ ಕಳೆದು ಬೆಲೆ ಒಮ್ಮೆಲೇ ಕುಸಿದು ತೆರೆದಾಗ ನನ್ನ ಸ್ಟಾಪ್ ಆರ್ಡರ್‌ಗಳಿಗೆ ಆದದ್ದು ಮತ್ತು ನಿಮ್ಮ ಆ್ಯಪ್ ತೋರಿಸಿದ್ದು

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು,
ಷೇರು ದಲ್ಲಾಳಿ ಸಂಸ್ಥೆ, ಬೆಂಗಳೂರು

ಮಾನ್ಯರೇ,

ನಾನು ಮೈಸೂರಿನಲ್ಲಿ ವಾಸವಾಗಿದ್ದು, ಆರು ವರ್ಷಗಳಿಂದ ನಿಮ್ಮ ಸಂಸ್ಥೆಯಲ್ಲಿ ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆಗಳನ್ನು ಹೊಂದಿದ್ದೇನೆ. ಕಳೆದ ತಿಂಗಳ ಒಂದು ಬುಧವಾರ ನನ್ನ ಬಳಿಯಿದ್ದ ಒಂದು ಷೇರಿನ ಬೆಲೆ ಒಂದೇ ರಾತ್ರಿಯಲ್ಲಿ ಶೇ. 12ರಷ್ಟು ಕುಸಿದು ತೆರೆದುಕೊಂಡಿತು. ಬೆಲೆ ಬಿದ್ದದ್ದಕ್ಕೆ ನೀವು ಹೊಣೆಯಲ್ಲ, ಅದರ ಬಗ್ಗೆ ನನ್ನ ದೂರೂ ಇಲ್ಲ. ಆ ದಿನ ನನ್ನ ಮೂರು ಆರ್ಡರ್‌ಗಳು ಹೇಗೆ ನಡೆದವು ಎಂಬುದನ್ನು ನಿಮ್ಮ ಆ್ಯಪ್ ಮೊದಲೂ ತಿಳಿಸಲಿಲ್ಲ, ಆಮೇಲೆಯೂ ಸರಿಯಾಗಿ ತೋರಿಸಲಿಲ್ಲ ಎಂಬುದು ನನ್ನ ದೂರು.

ಮಂಗಳವಾರ ಮಾರುಕಟ್ಟೆ ಮುಚ್ಚಿದಾಗ ಆ ಷೇರಿನ ಬೆಲೆ ₹512 ಇತ್ತು. ನನ್ನ ಬಳಿ 200 ಷೇರುಗಳಿದ್ದವು. ಅವುಗಳಲ್ಲಿ 100ಕ್ಕೆ ₹490 ಟ್ರಿಗರ್ ಹಾಗೂ ₹485 ಲಿಮಿಟ್ ಇಟ್ಟು, ಅಂದರೆ ಬೆಲೆ ₹490ಕ್ಕೆ ಇಳಿದೊಡನೆ ಹೊರಟು ₹485ಕ್ಕಿಂತ ಕಡಿಮೆಗೆ ಮಾರದಂತೆ, ಸ್ಟಾಪ್-ಲಿಮಿಟ್ ಮಾರಾಟದ ಆರ್ಡರ್ ಹಾಕಿದ್ದೆ. ಅದರ ಅವಧಿಯನ್ನು ಗುಡ್ ಟಿಲ್ ಕ್ಯಾನ್ಸಲ್ಡ್, ಅಂದರೆ ನಾನಾಗಿ ರದ್ದುಮಾಡುವವರೆಗೆ, ಎಂದು ಆರಿಸಿದ್ದೆ. ಉಳಿದ 100ಕ್ಕೆ, ಬೆಲೆ ಏರಿದಂತೆ ಅದರ ಶೇ. 5 ಕೆಳಗೆ ತಾನೂ ಏರುತ್ತಾ ಹೋಗುವ ಟ್ರೇಲಿಂಗ್ ಸ್ಟಾಪ್ ಇತ್ತು. ಅದಕ್ಕೂ ಹಿಂದಿನ ವಾರ ಬೆಲೆ ₹520 ಮುಟ್ಟಿದ್ದರಿಂದ ಟ್ರೇಲಿಂಗ್ ಸ್ಟಾಪ್ ₹494ಕ್ಕೆ ಏರಿ ನಿಂತಿತ್ತು. ಇವಲ್ಲದೆ ಮೂರು ತಿಂಗಳ ಹಿಂದೆ ಅದೇ ಷೇರನ್ನು ₹470ರ ಲಿಮಿಟ್‌ನಲ್ಲಿ 50ರಷ್ಟು ಕೊಳ್ಳಲು ಹಾಕಿದ್ದ ಗುಡ್ ಟಿಲ್ ಕ್ಯಾನ್ಸಲ್ಡ್ ಆರ್ಡರ್ ಒಂದು ಹಾಗೆಯೇ ಉಳಿದಿತ್ತು.

ಮಂಗಳವಾರ ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಬಂತು. ಮರುದಿನ ಬೆಳಿಗ್ಗೆ 9 ಗಂಟೆಗೆ ಆರಂಭವಾಗುವ ಪ್ರೀ-ಓಪನ್ ಅವಧಿಯಲ್ಲಿ, ಬಂದ ಆರ್ಡರ್‌ಗಳನ್ನೆಲ್ಲ ಒಟ್ಟುಗೂಡಿಸಿ ವಿನಿಮಯ ಕೇಂದ್ರವು ₹452ನ್ನು ಆರಂಭಿಕ ಬೆಲೆಯಾಗಿ ನಿಗದಿ ಮಾಡಿತು. ಬೆಲೆ ₹512ರಿಂದ ₹452ಕ್ಕೆ ಬೀಳುವಾಗ ನಡುವಿನ ಯಾವ ಬೆಲೆಯಲ್ಲೂ ಒಂದೇ ಒಂದು ವಹಿವಾಟು ನಡೆಯಲಿಲ್ಲ. ನನ್ನ ₹494, ₹490, ₹485 ಮೂರೂ ಆ ಖಾಲಿ ಜಾಗದಲ್ಲೇ ಇದ್ದವು.

ಪ್ರೀ-ಓಪನ್ ಅವಧಿಗೆ ಲಿಮಿಟ್ ಮತ್ತು ಮಾರ್ಕೆಟ್ ಆರ್ಡರ್‌ಗಳು ಹೋಗುತ್ತವೆ, ಸ್ಟಾಪ್ ಆರ್ಡರ್‌ಗಳು ಹೋಗುವುದಿಲ್ಲ. ನಿಮ್ಮ ಸರ್ವರ್ ನನ್ನ ಹಳೆಯ ಖರೀದಿ ಆರ್ಡರನ್ನು ದಿನದಂತೆ ಅಂದೂ ಅಲ್ಲಿಗೆ ಕಳುಹಿಸಿತು. ₹470ರವರೆಗೆ ಕೊಡಲು ಸಿದ್ಧನೆಂದು ಹೇಳಿದ್ದ ನನಗೆ ₹452ರಂತೆ 50 ಷೇರುಗಳು ಬಂದವು. ಹೀಗಾಗಿ ಮಾರಿ ಹೊರಬರಬೇಕೆಂದಿದ್ದ ಬೆಳಿಗ್ಗೆ ನನ್ನ ಖಾತೆಯಲ್ಲಿ ಮೊದಲು ನಡೆದದ್ದು ಖರೀದಿ. ಆ ಆರ್ಡರ್ ನಾನೇ ಹಾಕಿದ್ದು, ಹೊಣೆಯೂ ನನ್ನದೇ. ಆದರೆ ಒಂದೇ ಷೇರಿನ ಮೇಲೆ ಹಳೆಯ ಖರೀದಿ ಆರ್ಡರ್ ಜೀವಂತವಾಗಿರುವಾಗ ಗ್ರಾಹಕ ಮಾರಾಟದ ಸ್ಟಾಪ್ ಹಾಕಿದರೆ ಒಂದು ಎಚ್ಚರಿಕೆಯ ಸಂದೇಶ ತೋರಿಸುವುದು ನಿಮಗೆ ಕಷ್ಟದ ಕೆಲಸವಲ್ಲ.

9:15ಕ್ಕೆ ಸಾಮಾನ್ಯ ವಹಿವಾಟು ಶುರುವಾದೊಡನೆ ಎರಡೂ ಸ್ಟಾಪ್‌ಗಳು ಏಕಕಾಲಕ್ಕೆ ಎಚ್ಚೆತ್ತವು. ಟ್ರೇಲಿಂಗ್ ಸ್ಟಾಪ್ ಮಾರ್ಕೆಟ್ ಆರ್ಡರ್ ಆಗಿ ಹೋಗಿ, 100 ಷೇರುಗಳು ಸರಾಸರಿ ₹451.20ಕ್ಕೆ ಮಾರಾಟವಾದವು. ₹494 ಎಂಬುದು ಮಾರಾಟಕ್ಕೆ ಹೊರಡುವ ಗುರುತೇ ಹೊರತು ಕೈಗೆ ಸಿಗುವ ಬೆಲೆಯಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಆ್ಯಪ್ ಹಿಂದಿನ ರಾತ್ರಿಯವರೆಗೂ ಆ ಸಂಖ್ಯೆಯ ಪಕ್ಕದಲ್ಲಿ ‘ಖಚಿತ ಬೆಲೆ’ ಎಂದು ಬರೆದಿತ್ತು. ₹520ರಿಂದ ಲೆಕ್ಕ ಹಾಕಿದರೆ ನಾನು ಇಳಿದದ್ದು ಶೇ. 5 ಅಲ್ಲ, ಶೇ. 13ಕ್ಕಿಂತ ಹೆಚ್ಚು. ಮಾರುಕಟ್ಟೆ ಮುಚ್ಚಿರುವ ಹೊತ್ತಿನಲ್ಲಿ ಯಾವ ಟ್ರೇಲಿಂಗ್ ಸ್ಟಾಪ್ ಕೂಡ ಕಾವಲು ಕಾಯುವುದಿಲ್ಲವಾದ್ದರಿಂದ ಆ ಮಾತನ್ನು ತೆಗೆಯಲೇಬೇಕು.

ನನ್ನ ಮುಖ್ಯ ದೂರು ಸ್ಟಾಪ್-ಲಿಮಿಟ್ ಆರ್ಡರಿನದು. ₹490 ದಾಟಿ ಬೆಲೆ ಕೆಳಗಿಳಿದಿದ್ದರಿಂದ ಅದು ₹485ರ ಲಿಮಿಟ್ ಮಾರಾಟದ ಆರ್ಡರ್ ಆಗಿ ವಿನಿಮಯ ಕೇಂದ್ರಕ್ಕೆ ಹೋಯಿತು. ₹485ಕ್ಕಿಂತ ಕಡಿಮೆಗೆ ಕೊಡಬೇಡ ಎಂದು ಅದರಲ್ಲಿ ಬರೆದಿರುವಾಗ, ₹452ರ ಸುತ್ತ ನಡೆಯುತ್ತಿದ್ದ ಸಂತೆಯಲ್ಲಿ ಅದನ್ನು ಕೊಳ್ಳುವವರು ಯಾರೂ ಇರಲಿಲ್ಲ. ಆ ದಿನದ ಗರಿಷ್ಠ ಬೆಲೆಯೇ ₹463. ಇಲ್ಲಿಯವರೆಗೆ ಆರ್ಡರ್ ತನ್ನ ನಿಯಮದಂತೆಯೇ ನಡೆದಿದೆ. ಮುಂದಿನದ್ದು ನಿಮ್ಮ ಏರ್ಪಾಟು. ನಮ್ಮ ನಗದು ಮಾರುಕಟ್ಟೆಯಲ್ಲಿ ವಿನಿಮಯ ಕೇಂದ್ರಕ್ಕೆ ಹೋದ ಇಂಥ ಆರ್ಡರ್‌ಗೆ ಆ ದಿನದ ಆಯಸ್ಸು ಮಾತ್ರ. ‘ರದ್ದುಮಾಡುವವರೆಗೆ’ ಎಂಬುದು ನಿಮ್ಮ ಸರ್ವರ್ ಗ್ರಾಹಕನಿಗೆ ಕೊಟ್ಟ ಮಾತು. ಟ್ರಿಗರ್ ಆದ ಕ್ಷಣದಲ್ಲಿ ನೀವು ಆ ಮಾತನ್ನು ಮುಗಿಸಿಬಿಟ್ಟಿರಿ. ಆರ್ಡರ್ ಮಧ್ಯಾಹ್ನ 3:30ಕ್ಕೆ ಮಾರಾಟವಾಗದೆಯೇ ರದ್ದಾಯಿತು, ಮರುದಿನ ನೀವು ಅದನ್ನು ಮತ್ತೆ ಕಳುಹಿಸಲಿಲ್ಲ. ಇಷ್ಟಾದರೂ ಬೆಳಿಗ್ಗೆ 9:15ರಿಂದ ನನ್ನ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ಟ್ರಿಗರ್ ಆಗಿದೆ, ಪೂರ್ಣಗೊಂಡಿದೆ’ ಎಂದೇ ಇತ್ತು. ಕೆಲಸದ ನಡುವೆ ಅದನ್ನು ನೋಡಿ 200 ಷೇರುಗಳೂ ಮಾರಾಟವಾದವೆಂದು ನಂಬಿದೆ.

ಸತ್ಯ ತಿಳಿದದ್ದು ಬುಧವಾರ ರಾತ್ರಿ ನೀವು ಕಳುಹಿಸಿದ ಕಾಂಟ್ರಾಕ್ಟ್ ನೋಟ್‌ನಿಂದ. ಅದರಲ್ಲಿ 50ರ ಖರೀದಿ ಮತ್ತು 100ರ ಮಾರಾಟ ಮಾತ್ರ ಇದ್ದವು. ಸ್ಟಾಪ್-ಲಿಮಿಟ್‌ನ ಸಾಲೇ ಇರಲಿಲ್ಲ. ನಾನು ಅದನ್ನು ತೆರೆದದ್ದು ಗುರುವಾರ 11 ಗಂಟೆಗೆ. ಆ ದಿನ ಷೇರು ₹438ಕ್ಕೆ ತೆರೆದು ಇಳಿಯುತ್ತಲೇ ಇತ್ತು. ಉಳಿದಿದ್ದ 100ನ್ನು ₹424ಕ್ಕೆ ಮಾರಿದೆ.

ಪರಿಹಾರದ ಲೆಕ್ಕವನ್ನು ನಾನು ಹೀಗೆ ಮಾಡಿದ್ದೇನೆ. ₹490ರಿಂದ ಬುಧವಾರದ ಮುಕ್ತಾಯದ ಬೆಲೆ ₹449ರವರೆಗಿನ ನಷ್ಟ ಮಾರುಕಟ್ಟೆಯದು, ಅದನ್ನು ನಾನು ಕೇಳುವುದಿಲ್ಲ. ₹438ರಿಂದ ₹424ರವರೆಗಿನದು ನಾನು ಕಾಂಟ್ರಾಕ್ಟ್ ನೋಟನ್ನು ತಡವಾಗಿ ನೋಡಿದ್ದರಿಂದ ಆದದ್ದು. ಪರದೆಯ ಮೇಲೆ ‘ಮಾರಾಟವಾಗಿಲ್ಲ’ ಎಂಬ ಒಂದು ಪದವಿದ್ದಿದ್ದರೆ ಬುಧವಾರವೇ ಮಾರಿ ಹೊರಬರುತ್ತಿದ್ದೆ. ಆದ್ದರಿಂದ ₹449 ಮತ್ತು ₹438ರ ನಡುವಿನ ₹11ರಂತೆ 100 ಷೇರುಗಳಿಗೆ ₹1,100 ಮಾತ್ರ ನಿಮ್ಮಿಂದ ಬರಬೇಕಾದದ್ದು.

ಹಣಕ್ಕಿಂತ ನನಗೆ ಮುಖ್ಯವಾದದ್ದು ತಿದ್ದುಪಡಿ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವು 2016ರ ಫೆಬ್ರವರಿಯಿಂದ ಸ್ಟಾಪ್ ಆರ್ಡರ್ ಮತ್ತು ಗುಡ್ ಟಿಲ್ ಕ್ಯಾನ್ಸಲ್ಡ್ ಆರ್ಡರ್‌ಗಳನ್ನು ನೇರವಾಗಿ ಸ್ವೀಕರಿಸುವುದನ್ನೇ ನಿಲ್ಲಿಸಿತು. ಅಲ್ಲಿಯೂ ಇವುಗಳನ್ನು ಈಗ ದಲ್ಲಾಳಿಗಳೇ ತಮ್ಮ ವ್ಯವಸ್ಥೆಯಲ್ಲಿ ನಡೆಸುತ್ತಾರೆ. ಹಾಗಿರುವಾಗ ಟ್ರಿಗರ್ ಆಗುವುದು ಬೇರೆ, ಮಾರಾಟವಾಗುವುದು ಬೇರೆ ಎಂದು ಗ್ರಾಹಕನಿಗೆ ತಿಳಿಸುವ ಕರ್ತವ್ಯ ದಲ್ಲಾಳಿಯದೇ. ಪರದೆಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕೆಂದೂ, ಟ್ರಿಗರ್ ಆಗಿ ಮಾರಾಟವಾಗದೆ ಉಳಿದ ಆರ್ಡರನ್ನು ಮರುದಿನ ತಾನಾಗಿ ಕಳುಹಿಸಬೇಕೇ ಬೇಡವೇ ಎಂಬ ಆಯ್ಕೆಯನ್ನು ಆರ್ಡರ್ ಹಾಕುವಾಗಲೇ ಕೇಳಬೇಕೆಂದೂ ಕೋರುತ್ತೇನೆ. ಜೊತೆಗೆ ಮೂರೂ ಆರ್ಡರ್‌ಗಳು ನಿಮ್ಮ ಸರ್ವರ್‌ನಿಂದ ಹೊರಟ ಮತ್ತು ರದ್ದಾದ ಸಮಯದ ದಾಖಲೆಯನ್ನು ನನಗೆ ಒದಗಿಸಬೇಕು.

ಕಾಂಟ್ರಾಕ್ಟ್ ನೋಟ್ ಹಾಗೂ ಬುಧವಾರ ಮಧ್ಯಾಹ್ನ ತೆಗೆದ ಪರದೆಯ ಚಿತ್ರವನ್ನು ಲಗತ್ತಿಸಿದ್ದೇನೆ. 21 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ಇದೇ ದೂರನ್ನು ದಾಖಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ
ಮೈಸೂರು