ಮಾನ್ಯ ಶಾಸಕರೇ, 500 ಮೀಟರ್ ನಿಯಮ ಮಾಡುವ ಮೊದಲು ಒಮ್ಮೆ ಅಳತೆ ಮಾಡಿಸಿ

ಮಾನ್ಯ ಶಾಸಕರೇ,

ಕಳೆದ ವಾರದ ಸಭೆಯಲ್ಲಿ ನಾನೂ ಇದ್ದೆ. ಶಾಲೆಯ ಹತ್ತಿರದ ಮೊಬೈಲ್ ಟವರ್ ಬಗ್ಗೆ ತಾಯಂದಿರು ತಮ್ಮ ಭಯ ಹೇಳಿಕೊಂಡರು. ನೀವು ಮಧ್ಯೆ ಬಾಯಿ ಹಾಕದೆ ಕೇಳಿದಿರಿ. ಕೊನೆಗೆ, "ಶಾಲೆಯಿಂದ 500 ಮೀಟರ್ ಒಳಗೆ ಒಂದೂ ಟವರ್ ಇರಬಾರದು, ಹಾಗಂತ ನಿಯಮ ತರೋಣ" ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಆಗಲಿಲ್ಲ. ನನ್ನ ಮಗಳೂ ಅದೇ ಶಾಲೆಯಲ್ಲಿ ಓದುತ್ತಾಳೆ. ರೇಡಿಯೋ ಅಲೆಗಳನ್ನು ಅಳೆಯುವುದೇ ನನ್ನ ಕೆಲಸ. ಅದಕ್ಕೇ ಈ ಪತ್ರ.

ಸಭೆಯಲ್ಲಿ ಒಬ್ಬ ತಂದೆ ಅಂಗೈಯಗಲದ ಒಂದು ಮೀಟರ್ ಎತ್ತಿ ತೋರಿಸಿದ್ದು ನಿಮಗೆ ನೆನಪಿರಬಹುದು. ಶಾಲೆಯ ಎರಡನೇ ಮಹಡಿಯ ಕಿಟಕಿ ಹತ್ತಿರ ಹಿಡಿದಾಗ ಅದು ಕೆಂಪು ದೀಪ ಹಚ್ಚಿ ಬೀಪ್ ಬೀಪ್ ಅಂದಿತಂತೆ. ಪರದೆಯ ಮೇಲೆ ಸುಮಾರು 4,000. ಕೇಳಿದವರ ಎದೆ ಧಸಕ್ಕೆನ್ನುವ ಸಂಖ್ಯೆ. ಆದರೆ ಅದು ಮೈಕ್ರೋವ್ಯಾಟ್ ಲೆಕ್ಕ, ಅಂದರೆ ವ್ಯಾಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. 4,000 ಮೈಕ್ರೋವ್ಯಾಟ್ ಅಂದರೆ ಒಂದು ಚದರ ಮೀಟರ್‌ಗೆ 0.004 ವ್ಯಾಟ್. ಅಂತರರಾಷ್ಟ್ರೀಯ ಮಿತಿಯನ್ನು ಅದೇ ಲೆಕ್ಕದಲ್ಲಿ ಬರೆದರೆ, ಮೊಬೈಲ್‌ಗೆ ಬಳಸುವ 900 ಮೆಗಾಹರ್ಟ್ಸ್ ಅಲೆಗೆ 45,00,000. ಕೆಂಪು ದೀಪ ಯಾವ ಸಂಖ್ಯೆಗೆ ಹತ್ತಬೇಕು ಅನ್ನೋದನ್ನು ಮೀಟರ್ ಮಾಡಿದವರು ತಾವೇ ಇಟ್ಟುಕೊಂಡಿರುತ್ತಾರೆ. ಅದಕ್ಕೂ ಕಾನೂನಿನ ಮಿತಿಗೂ ಸಂಬಂಧ ಇರಬೇಕೆಂದಿಲ್ಲ. ಆ ತಂದೆ ಸುಳ್ಳು ಹೇಳಲಿಲ್ಲ. ಅವರು ಮಕ್ಕಳಿಗಾಗಿ ತಮ್ಮ ದುಡ್ಡು ಹಾಕಿ ಮೀಟರ್ ಕೊಂಡವರು. ಆ ಸಂಖ್ಯೆಯ ಅರ್ಥ ಏನು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಮರುದಿನ ನಾನು ಅವರ ಜೊತೆಗೇ ಹೋಗಿ ಸರಿಯಾದ ಉಪಕರಣದಲ್ಲಿ ಅಳೆದೆ. ಮೊದಲು ಇಬ್ಬರ ಫೋನನ್ನೂ ಬಂದ್ ಮಾಡಿದೆವು. ಜೇಬಿನ ಫೋನ್ ಆಗಾಗ ಟವರ್‌ಗೆ ತಾನಿದ್ದೇನೆ ಅಂತ ಹೇಳುತ್ತಿರುತ್ತದೆ. ಆಗ ಮೀಟರ್ ಜಿಗಿಯುತ್ತದೆ, ನಾವು ಟವರ್ ಅಂದುಕೊಳ್ಳುತ್ತೇವೆ. ಆಮೇಲೆ ಪ್ರತಿ ಜಾಗದಲ್ಲೂ ಆರು ನಿಮಿಷದ ಸರಾಸರಿ ತೆಗೆದುಕೊಂಡೆ. ಕ್ಷಣಕ್ಷಣಕ್ಕೂ ಬದಲಾಗುವ ಸಿಗ್ನಲ್‌ನಲ್ಲಿ ಒಂದೇ ಒಂದು ಜಿಗಿತ ಹಿಡಿದು ತೀರ್ಪು ಕೊಡಲಾಗದು. ಎರಡನೇ ಮಹಡಿಯ ಕಿಟಕಿಯಲ್ಲಿ ಅಲೆಯ ಬಲ ಒಂದು ಮೀಟರ್ ಉದ್ದಕ್ಕೆ 1.2 ವೋಲ್ಟ್ ಬಂತು. ಅದನ್ನು ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಹೆಚ್ಚೂಕಡಿಮೆ ಆ ತಂದೆಯ 4,000 ಮೈಕ್ರೋವ್ಯಾಟ್‌ಗೇ ಬರುತ್ತದೆ. ಅವರ ಮೀಟರ್ ಇಲ್ಲಿ ಸರಿಯಾಗಿಯೇ ಇತ್ತು. ಆಟದ ಮೈದಾನದಲ್ಲಿ ಬಂದದ್ದು 0.4 ವೋಲ್ಟ್. ಟವರ್ ಬುಡದಲ್ಲಿ ಇನ್ನೂ ಕಡಿಮೆ, 0.3.

ಬುಡದಲ್ಲೇ ಕಡಿಮೆ ಅಂದಾಗ ಆ ತಂದೆ ನನ್ನ ಮುಖ ನೋಡಿದರು. ವಿಷಯದ ತಿರುಳು ಇರುವುದು ಇಲ್ಲೇ, ಶಾಸಕರೇ. ಟವರ್‌ನ ಆಂಟೆನಾ ಬಲ್ಬಿನ ಹಾಗೆ ಸುತ್ತಲೂ ಚೆಲ್ಲುವುದಿಲ್ಲ, ಟಾರ್ಚ್ ಹಾಗೆ ಎದುರಿಗೆ ಎಸೆಯುತ್ತದೆ. ಆ ಉದ್ದನೆಯ ಪೆಟ್ಟಿಗೆಗಳಿಂದ ಬರುವ ಕಿರಣ ಅಡ್ಡಕ್ಕೆ ಅಗಲ, ಮೇಲೆ ಕೆಳಗೆ ತೀರಾ ತೆಳು, ಸುಮಾರು ಏಳು ಡಿಗ್ರಿ. ಅದನ್ನು ಸ್ವಲ್ಪ ಕೆಳಗೆ ಬಾಗಿಸಿ ಕೂರಿಸಿರುತ್ತಾರೆ. ನಮ್ಮ ಟವರ್‌ನಲ್ಲಿ ಆಂಟೆನಾ 30 ಮೀಟರ್ ಎತ್ತರದಲ್ಲಿದೆ. ಬಾಗು ಆರು ಡಿಗ್ರಿ ಅಂತ ಹಿಡಿದರೆ ಕಿರಣದ ನಡುಭಾಗ ನೆಲ ಮುಟ್ಟುವುದು ಸುಮಾರು 285 ಮೀಟರ್ ದೂರದಲ್ಲಿ. ಶಾಲೆ ಇರುವುದು 120 ಮೀಟರ್ ದೂರದಲ್ಲಿ. ಕಿರಣ ಮೈದಾನದ ತಲೆ ಮೇಲಿಂದ ಹಾದು ಹೋಗುತ್ತದೆ.

ಈಗ ನಿಮ್ಮ 500 ಮೀಟರ್ ನಿಯಮವನ್ನೇ ಲೆಕ್ಕಕ್ಕೆ ಇಡೋಣ. ಒಂದೊಂದೂ 20 ವ್ಯಾಟ್ ಹಾಕುವ ನಾಲ್ಕು ಚಾನೆಲ್‌ಗಳು ಒಂದೇ ಕಡೆಗೆ ಪೂರ್ತಿ ಶಕ್ತಿಯಲ್ಲಿ ನಡೆಯುತ್ತಿವೆ ಅಂದುಕೊಳ್ಳಿ. ಆಂಟೆನಾ ಅದನ್ನು ಸುಮಾರು 50 ಪಟ್ಟು ಒತ್ತಾಗಿ ಎಸೆಯುತ್ತದೆ. ಹೀಗಾಗಿ ಕಿರಣದ ನಡುವೆ ನಿಂತವರಿಗೆ ಅದು 4,000 ವ್ಯಾಟ್‌ನ ಮೂಲದ ಹಾಗೆ ಕಾಣುತ್ತದೆ. ಸಪಾಟು ನೆಲ, ಅದೇ ಎತ್ತರ, ಅದೇ ಬಾಗು. ಟವರ್ ಅನ್ನು 285 ಮೀಟರ್ ದೂರ ಒಯ್ದರೆ ಕಿರಣದ ನಡುಭಾಗ ನೇರ ಮೈದಾನಕ್ಕೇ ಬೀಳುತ್ತದೆ. ಆಗ ಅಲ್ಲಿ 1.2 ವೋಲ್ಟ್ ತನಕ ಬರಬಹುದು. 500 ಮೀಟರ್‌ಗೆ ಒಯ್ದರೆ ಸುಮಾರು 0.6. ಇವತ್ತು ಟವರ್ ಎದುರಿಗೇ ಇರುವಾಗ ಅಳೆದದ್ದು 0.4. ಅದು ಪೂರ್ತಿ ಶಕ್ತಿಯ ಲೆಕ್ಕವಲ್ಲ ನಿಜ, ಆದರೆ ಪೂರ್ತಿ ಶಕ್ತಿ ಹಿಡಿದರೂ 0.5ರ ಆಸುಪಾಸಿನಲ್ಲೇ ಇರುತ್ತದೆ. ಇಷ್ಟು ಓಡಾಡಿ ಮೈದಾನದ ಮಕ್ಕಳಿಗೆ ನಾವು ಉಳಿಸಿಕೊಟ್ಟದ್ದು ಏನೂ ಇಲ್ಲ.

ಕಳೆದುಕೊಳ್ಳುವುದು ಮಾತ್ರ ಇದೆ. ಸಿಗ್ನಲ್ ಕಡಿಮೆಯಾದರೆ ಫೋನ್ ಜೋರಾಗಿ ಕೂಗಬೇಕಾಗುತ್ತದೆ. ಟವರ್ ಹತ್ತಿರ ಇದ್ದಾಗ ಫೋನ್ ತನ್ನ ಶಕ್ತಿಯನ್ನು ಸಾವಿರದ ಒಂದು ಪಾಲಿಗೂ ಇಳಿಸಿಕೊಳ್ಳಬಲ್ಲದು. ದೂರವಾದರೆ 0.2 ವ್ಯಾಟ್ ತನಕ ಏರಿಸುತ್ತದೆ. 0.2 ಸಣ್ಣ ಸಂಖ್ಯೆ ಅನ್ನಿಸಬಹುದು, ಆದರೆ ಅದು ಕಿವಿಗೆ ಅಂಟಿಕೊಂಡೇ ಇರುತ್ತದೆ. ಆ ಕಿವಿ ಪಕ್ಕದ ಭಾಗಕ್ಕೆ ಆಗ ಸಿಗುವುದು ಟವರ್‌ನಿಂದ ಸಿಗುವುದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ.

ಮಿತಿ ಅನ್ನುವುದನ್ನು ಯಾರು, ಹೇಗೆ ಇಟ್ಟರು? ಸಭೆಯಲ್ಲಿ ಒಬ್ಬ ಅಮ್ಮ ಇದನ್ನೇ ಕೇಳಿದರು, ಉತ್ತರ ಸಿಗಲಿಲ್ಲ. ಅವರಿಗೂ ಇಲ್ಲೇ ಹೇಳುತ್ತೇನೆ. ಇಲಿ, ಮಂಗಗಳನ್ನು ರೇಡಿಯೋ ಅಲೆಯಲ್ಲಿ ಇಟ್ಟು, ಆಹಾರಕ್ಕಾಗಿ ಕಲಿತ ಕೆಲಸವನ್ನು ಅವು ಯಾವಾಗ ಬಿಡುತ್ತವೆ ಅಂತ ನೋಡಿದರು. ಮೈ ಬಿಸಿ ಸುಮಾರು ಒಂದು ಡಿಗ್ರಿ ಏರಿದಾಗ ಅವು ಕೆಲಸ ನಿಲ್ಲಿಸುತ್ತಿದ್ದವು. ದೇಹ ಒಂದೊಂದು ಕಿಲೋಗೆ ಸುಮಾರು 4 ವ್ಯಾಟ್ ಹೀರಿಕೊಂಡಾಗ ಹೀಗಾಗುತ್ತದೆ. ಐಸಿಎನ್‌ಐಆರ್‌ಪಿ ಅನ್ನುವ ಅಂತರರಾಷ್ಟ್ರೀಯ ತಜ್ಞರ ಆಯೋಗ 1998ರಲ್ಲಿ ಅದನ್ನು ಹತ್ತರಿಂದ ಭಾಗಿಸಿ ಟವರ್ ಮೇಲೆ ಕೆಲಸ ಮಾಡುವವರಿಗೆ 0.4 ಅಂತ ಇಟ್ಟಿತು. ಮಕ್ಕಳು, ಮುದುಕರು, ಕಾಯಿಲೆಯವರೂ ಇರುವ ಸಾಮಾನ್ಯ ಜನರಿಗೆ ಇನ್ನೂ ಐದರಿಂದ ಭಾಗಿಸಿ 0.08. ಒಟ್ಟು 50 ಪಟ್ಟು ಅಂತರ. ಮೈಯೊಳಗೆ ಮೀಟರ್ ಇಡಲಾಗದು ಅಲ್ವಾ? ಅದಕ್ಕೇ 0.08ಕ್ಕೆ ಸರಿಹೊಂದುವ ಹಾಗೆ ಹೊರಗಿನ ಗಾಳಿಯಲ್ಲಿ ಅಳೆಯುವ ಸಂಖ್ಯೆ ಕೊಟ್ಟರು. 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರ್‌ಗೆ 4.5 ವ್ಯಾಟ್, 1800ರಲ್ಲಿ 9. 2020ರಲ್ಲಿ ಮತ್ತೆ ಪರಿಶೀಲಿಸಿದಾಗಲೂ ಈ ಎರಡು ಸಂಖ್ಯೆ ಉಳಿದವು. ಕೆಲವು ದೇಶಗಳು ಇನ್ನೂ ಬಿಗಿ ಮಾಡಿಕೊಂಡವು. ಭಾರತ 2012ರಲ್ಲಿ ಹತ್ತನೇ ಒಂದು ಪಾಲಿಗೆ ಇಳಿಸಿತು. ಹೀಗೆ ಇಳಿಸಿದ್ದು ಮುನ್ನೆಚ್ಚರಿಕೆಗೆ. ಅಲ್ಲಿ ಹೊಸ ಅಪಾಯ ಕಂಡಿತು ಅಂತ ಓದಿಕೊಳ್ಳಬಾರದು.

ನಮ್ಮ ಕಿಟಕಿಯ 0.004 ವ್ಯಾಟ್ ಅಂತರರಾಷ್ಟ್ರೀಯ ಮಿತಿಯ ಸಾವಿರದ ಒಂದು ಪಾಲಿಗೂ ಕಡಿಮೆ. ಹತ್ತನೇ ಒಂದರ ಬಿಗಿ ಮಿತಿ ಹಿಡಿದರೂ ನೂರರ ಒಂದು ಪಾಲಿಗೆ ಮುಟ್ಟುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಈ ಮಿತಿಗಳು ನಿಂತಿರುವುದು ಬಿಸಿಯ ಮೇಲೆ. "ಬಿಸಿ ಆಗದೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ತಾಗಿದರೆ?" ಅನ್ನುವ ಪ್ರಶ್ನೆ ನ್ಯಾಯವಾದದ್ದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ಅಲೆಗಳನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದು' ಅನ್ನುವ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರ ಫೋನನ್ನು ಕಿವಿಗಿಟ್ಟು ತುಂಬ ಬಳಸಿದವರ ಅಧ್ಯಯನಗಳು. ಟವರ್ ಪಕ್ಕದ ಮನೆಗಳ ಲೆಕ್ಕ ಅದರ ಬುಡದಲ್ಲಿ ಇರಲಿಲ್ಲ. ಟವರ್ ಬಗ್ಗೆಯೇ ಬ್ರಿಟನ್‌ನಲ್ಲಿ ದೊಡ್ಡ ಅಧ್ಯಯನ ಆಗಿ 2010ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಬಂದ ಐದು ವರ್ಷದೊಳಗಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಉಳಿದ ಮಕ್ಕಳ ಜೊತೆ ಹೋಲಿಸಿ, ಹೊಟ್ಟೆಯಲ್ಲಿದ್ದಾಗ ತಾಯಿ ಟವರ್‌ಗೆ ಎಷ್ಟು ಹತ್ತಿರ ಇದ್ದಳು ಅಂತ ನೋಡಿದರು. ಸಂಬಂಧ ಕಾಣಲಿಲ್ಲ. ನನ್ನ ಮಗಳನ್ನು ನಾನು ಆ ಶಾಲೆಗೇ ಕಳಿಸುತ್ತಿರುವುದು ಇದನ್ನೆಲ್ಲ ಓದಿ, ಅಳೆದು ನೋಡಿದ ಮೇಲೆ.

ನಿದ್ದೆ ಬರಲ್ಲ, ತಲೆನೋವು ಅಂದವರನ್ನು ಸುಮ್ನೆ ಭ್ರಮೆ ಅಂತ ತಳ್ಳಬೇಡಿ. ಅವರ ನೋವು ನಿಜ. ಪರೀಕ್ಷಾ ಕೋಣೆಯಲ್ಲಿ ಸಿಗ್ನಲ್ ಇದೆಯೋ ಇಲ್ಲವೋ ಅಂತ ಗೊತ್ತುಪಡಿಸದೆ ಕೂರಿಸಿದಾಗ ಇಂಥವರಿಗೆ ಗುರುತಿಸಲು ಆಗುವುದಿಲ್ಲ, ಇದು ಮತ್ತೆ ಮತ್ತೆ ಕಂಡ ಸಂಗತಿ. ಆದರೆ ನಮ್ಮ ಟವರ್ ಬುಡದಲ್ಲಿ ಡೀಸೆಲ್ ಜನರೇಟರ್ ಇದೆ, ರಾತ್ರಿ ಎರಡಕ್ಕೂ ಗುರ್ರ್ ಅನ್ನುತ್ತದೆ. ಪಕ್ಕದ ಮನೆಯ ಅಜ್ಜಿಯ ನಿದ್ದೆ ಕೆಡಿಸುತ್ತಿರುವುದು ಅದೇ ಇರಬಹುದು. ಅದನ್ನು ನಿಲ್ಲಿಸಲು ಇರುವ ಶಬ್ದದ ನಿಯಮ ಸಾಕು.

ನಿಜವಾಗಿ ಗಮನ ಕೊಡಬೇಕಾದ ಜಾಗ ಶಾಲೆಯಲ್ಲಿ ಇಲ್ಲ, ಎರಡು ಬೀದಿ ಆಚೆ ಇದೆ. ಅಲ್ಲಿ ಒಂದು ಕಟ್ಟಡದ ಚಾವಣಿ ಮೇಲೆ ಗಿಡ್ಡ ಕಂಬ ನೆಟ್ಟು ಆಂಟೆನಾ ಹಾಕಿದ್ದಾರೆ. ಹಾಕಿದಾಗ ಎದುರಿಗೆ ಬಯಲಿತ್ತು. ಈಗ ಎದುರು ಮನೆಯವರು ಇನ್ನೊಂದು ಮಹಡಿ ಏರಿಸಿದ್ದಾರೆ. ಅವರ ಹೊಸ ತಾರಸಿ ಆಂಟೆನಾದ ಮಟ್ಟಕ್ಕೇ ಬಂದಿದೆ, ದೂರ 30 ಮೀಟರ್. ಬಟ್ಟೆ ಒಣಹಾಕುವ ತಂತಿಯ ಹತ್ತಿರ ನಿಂತು ಅಳೆದಾಗ 6 ವೋಲ್ಟ್ ಬಂತು. ಚದರ ಮೀಟರ್‌ಗೆ 0.095 ವ್ಯಾಟ್. ಅಂತರರಾಷ್ಟ್ರೀಯ ಮಿತಿಯ ನೂರಕ್ಕೆ ಎರಡು ಪಾಲು, ಹತ್ತನೇ ಒಂದರ ಮಿತಿ ಹಿಡಿದರೆ ನೂರಕ್ಕೆ 21. ಇದೂ ಮಿತಿಯೊಳಗೇ. ಆದರೆ ತಾರಸಿ ಆಂಟೆನಾಗೆ ಇನ್ನೂ ಹತ್ತು ಮೀಟರ್ ಹತ್ತಿರ ಇದ್ದು, ನಾಲ್ಕೂ ಚಾನೆಲ್ ಪೂರ್ತಿ ಓಡಿದ್ದರೆ ಲೆಕ್ಕ 0.8 ವ್ಯಾಟ್‌ಗೆ ಹೋಗುತ್ತದೆ, ಬಿಗಿ ಮಿತಿಯಾದ 0.45 ದಾಟುತ್ತದೆ. ಆಂಟೆನಾ ಎದುರಿಗೆ ಎಂಟು ಮೀಟರ್ ಒಳಗೆ ಹೋದರೆ ಅಂತರರಾಷ್ಟ್ರೀಯ ಮಿತಿಯೇ ದಾಟುತ್ತದೆ. ಆ ಚಾವಣಿಯ ಬಾಗಿಲಿಗೆ ಮೊನ್ನೆ ಬೀಗ ಇರಲಿಲ್ಲ. ನೀರಿನ ಟ್ಯಾಂಕ್ ತೊಳೆಯುವ ಹುಡುಗ ಆಂಟೆನಾದ ಮುಂದೆಯೇ ಕೂತು ಬುತ್ತಿ ಬಿಚ್ಚಿದ್ದ. ನಾನು ಎಬ್ಬಿಸಿ ಆಂಟೆನಾದ ಹಿಂದಕ್ಕೆ ಕರೆದುಕೊಂಡು ಬಂದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೀಟರ್ ಲೆಕ್ಕದ ದೂರದ ನಿಯಮ ಬಿಡಿ. ಅದರ ಬದಲು, ಆಂಟೆನಾ ಎದುರಿಗೆ ಅದೇ ಮಟ್ಟದಲ್ಲಿ ಹೊಸ ಮಹಡಿ ಏಳುವಾಗ ಮತ್ತೆ ಅಳೆಯಲೇಬೇಕು ಅಂತ ಮಾಡಿಸಿ. ಮನೆಗೆ ಪರವಾನಗಿ ಕೊಡುವವರಿಗೆ ಎದುರಿಗೆ ಆಂಟೆನಾ ಇದೆ ಅನ್ನುವುದು ಗೊತ್ತಾಗುತ್ತಿಲ್ಲ, ಟವರ್‌ನವರಿಗೆ ಎದುರಿಗೆ ಮನೆ ಎದ್ದದ್ದು ಗೊತ್ತಾಗುತ್ತಿಲ್ಲ. ಚಾವಣಿಗಳಿಗೆ ಬೀಗ, ಎಷ್ಟು ಮೀಟರ್ ಒಳಗೆ ಹೋಗಬಾರದು ಅಂತ ಕನ್ನಡದಲ್ಲಿ ಬರೆದ ಫಲಕ ಹಾಕಿಸಿ. ಅಳತೆಯ ವರದಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಅದರಲ್ಲಿ ಎಲ್ಲಿ, ಯಾವ ಹೊತ್ತಿನಲ್ಲಿ ಅಳೆದರು, ಎಷ್ಟು ಬಂತು, ಮಿತಿ ಎಷ್ಟು ಅನ್ನುವುದು ಒಂದೇ ಬಗೆಯ ಲೆಕ್ಕದಲ್ಲಿ ಇರಲಿ. ಒಂದು ಕಡೆ ವೋಲ್ಟ್, ಇನ್ನೊಂದು ಕಡೆ ವ್ಯಾಟ್ ಬರೆದರೆ ಓದುವವರು ದಾರಿ ತಪ್ಪುತ್ತಾರೆ. ವೋಲ್ಟ್ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿದಿರುತ್ತದೆ. 5ಜಿ ಇರುವಲ್ಲಿ ಅಳೆಯುವವರು ಪಕ್ಕದಲ್ಲಿ ಒಂದು ಫೋನಿಗೆ ಡೇಟಾ ಇಳಿಸುತ್ತಾ ಅಳೆಯಲಿ. ಯಾರೂ ಬಳಸದ ಹೊತ್ತಿನಲ್ಲಿ ಅದರ ಕಿರಣ ಹೆಚ್ಚೂಕಡಿಮೆ ಮಲಗಿರುತ್ತದೆ, ಆಗ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ.

ಮುಂದಿನ ಶನಿವಾರ ಆ ತಂದೆಯೂ ನಾನೂ ಮತ್ತೆ ಎದುರು ಮನೆಯ ತಾರಸಿಗೆ ಹೋಗುತ್ತಿದ್ದೇವೆ, ಸಂಜೆ ಎಲ್ಲರೂ ಫೋನ್ ಬಳಸುವ ಹೊತ್ತಿಗೆ. ನೀವೂ ಬನ್ನಿ. ಮೀಟರ್ ನಿಮ್ಮ ಕೈಗೇ ಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಆ ಶಾಲೆಯ ಒಬ್ಬ ಹುಡುಗಿಯ ಅಪ್ಪ